ಮೊಬೈಲ್ ವಾಲೆಟ್ ಮಿತಿಗಳು: ಕನಿಷ್ಠ ವಿವರದ ಖಾತೆಯಿಂದ ಪೂರ್ಣ ಕೆವೈಸಿವರೆಗೆ

ವಾಲೆಟ್‌ನಲ್ಲಿ ಹಣವಿದ್ದರೂ ಪಾವತಿ ತಿರಸ್ಕೃತವಾಗುವುದು ಏಕೆ ಎಂಬ ಪ್ರಶ್ನೆಯಿಂದ ಈ ಟಿಪ್ಪಣಿಯನ್ನು ಆರಂಭಿಸುತ್ತೇನೆ, ಏಕೆಂದರೆ ಇದಕ್ಕೆ ಉತ್ತರ ತಿಳಿದರೆ ಉಳಿದ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಇಲ್ಲಿ ಆಧಾರವಾಗಿರುವುದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 27ರಂದು ಹೊರಡಿಸಿದ ಪ್ರೀಪೇಯ್ಡ್ ಪಾವತಿ ಸಾಧನಗಳ ಮಾಸ್ಟರ್ ಡೈರೆಕ್ಷನ್. ಅದು ವಾಲೆಟ್‌ಗಳನ್ನು ಮುಖ್ಯವಾಗಿ ಎರಡಾಗಿ ವಿಂಗಡಿಸುತ್ತದೆ: ಕನಿಷ್ಠ ವಿವರ ಪಡೆದು ತೆರೆಯುವ ಸಣ್ಣ ವಾಲೆಟ್ ಒಂದು, ಗುರುತನ್ನು ಪೂರ್ತಿಯಾಗಿ ದೃಢಪಡಿಸಿಕೊಂಡು ತೆರೆಯುವ ಪೂರ್ಣ ಕೆವೈಸಿ ವಾಲೆಟ್ ಇನ್ನೊಂದು.

ಸಣ್ಣ ವಾಲೆಟ್ ತೆರೆಯಲು ಓಟಿಪಿಯಿಂದ ದೃಢಪಟ್ಟ ಮೊಬೈಲ್ ಸಂಖ್ಯೆ, ಹೆಸರು ಮತ್ತು ಯಾವುದಾದರೂ ಒಂದು ಗುರುತಿನ ದಾಖಲೆಯ ಸಂಖ್ಯೆ ಸಾಕು. ಹೆಸರು ಮತ್ತು ದಾಖಲೆ ಸಂಖ್ಯೆ ಇಲ್ಲಿ ಬಳಕೆದಾರರ ಸ್ವಯಂ ಘೋಷಣೆ ಮಾತ್ರ. ದಾಖಲೆಯ ಸಂಖ್ಯೆಯನ್ನು ನಮೂದಿಸಿದ್ದೇವೆ, ಆದ್ದರಿಂದ ಕೆವೈಸಿ ಆಗಿದೆ ಎಂದು ಹಲವರು ಭಾವಿಸುತ್ತಾರೆ, ಆದರೆ ಸ್ವಯಂ ಘೋಷಣೆಯಿಂದ ಕೆವೈಸಿ ಆಗುವುದಿಲ್ಲ. ನಿಜಸ್ಥಿತಿ ತಿಳಿಯಲು ಸುಲಭ ದಾರಿಯೆಂದರೆ ವಾಲೆಟ್‌ನಿಂದ ಬ್ಯಾಂಕ್ ಖಾತೆಗೆ ಹಣ ಕಳುಹಿಸುವ ಆಯ್ಕೆಯನ್ನು ನೋಡುವುದು. ಸಣ್ಣ ವಾಲೆಟ್‌ನಲ್ಲಿ ಹಣ ವರ್ಗಾವಣೆಗೂ ನಗದು ಹಿಂಪಡೆಯುವಿಕೆಗೂ ಅವಕಾಶವಿಲ್ಲ. ಸರಕು ಮತ್ತು ಸೇವೆಗಳಿಗೆ ಪಾವತಿಸಲು ಮಾತ್ರ ಅದನ್ನು ಬಳಸಬಹುದು.

ನಗದು ತುಂಬಿಸಲು ಅವಕಾಶವಿರುವ ಸಣ್ಣ ವಾಲೆಟ್‌ಗೆ ಮೂರು ಪ್ರತ್ಯೇಕ ಮಿತಿಗಳಿದ್ದು, ಮೂರೂ ತಲಾ 10,000 ರೂಪಾಯಿ ಆಗಿರುವುದೇ ಗೊಂದಲಕ್ಕೆ ಮೂಲ. ಒಂದು ತಿಂಗಳಲ್ಲಿ ತುಂಬಿಸುವ ಹಣ, ಯಾವುದೇ ಕ್ಷಣದಲ್ಲಿ ವಾಲೆಟ್‌ನಲ್ಲಿ ಉಳಿದಿರುವ ಹಣ ಅಂದರೆ ಬಾಕಿ, ಒಂದು ತಿಂಗಳಲ್ಲಿ ಖರ್ಚಾಗುವ ಹಣ, ಇವುಗಳಲ್ಲಿ ಪ್ರತಿಯೊಂದನ್ನೂ ಬೇರೆಯಾಗಿಯೇ ಎಣಿಸಲಾಗುತ್ತದೆ. ಇವಲ್ಲದೆ ಹಣಕಾಸು ವರ್ಷಕ್ಕೆ 1,20,000 ರೂಪಾಯಿ ತುಂಬಿಸುವ ಮಿತಿಯೂ ಇದೆ. ಅದು ಮಾಸಿಕ ಮಿತಿಯ ಹನ್ನೆರಡರಷ್ಟೇ ಆದ್ದರಿಂದ ಪ್ರತ್ಯೇಕವಾಗಿ ತಡೆಯಾಗುವ ಸಂದರ್ಭ ಬರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಜೂನ್ 1ರಂದು ವಾಲೆಟ್‌ನಲ್ಲಿ ಮೇ ತಿಂಗಳಿನಿಂದ ಉಳಿದ 4,000 ರೂಪಾಯಿ ಇದೆ. ಜೂನ್ 2ರಂದು 10,000 ತುಂಬಿಸಲು ಹೊರಟರೆ ಬಾಕಿ 14,000 ಆಗುವುದರಿಂದ ಅದು ಸಾಗುವುದಿಲ್ಲ, ಹೀಗಾಗಿ 6,000 ಮಾತ್ರ ತುಂಬಿಸುತ್ತೇವೆ. ಬಳಿಕ 5,000 ಖರ್ಚು ಮಾಡಿ ಜೂನ್ 10ರಂದು ಇನ್ನೂ 4,000 ತುಂಬಿಸಿದರೆ ಬಾಕಿ 9,000 ಆಗುತ್ತದೆ, ತಿಂಗಳ ತುಂಬಿಸುವ ಮಿತಿ ಅಲ್ಲಿಗೆ ಮುಗಿಯುತ್ತದೆ. ಜೂನ್ 15ರಂದು ಮತ್ತೆ 5,000 ಖರ್ಚಾದಾಗ ತಿಂಗಳ ಖರ್ಚಿನ ಮಿತಿಯೂ ತುಂಬುತ್ತದೆ. ಈಗ ಪರದೆಯ ಮೇಲೆ 4,000 ರೂಪಾಯಿ ಬಾಕಿ ಕಾಣುತ್ತಿದ್ದರೂ ಜುಲೈ ಬರುವವರೆಗೆ ಅದನ್ನು ಮುಟ್ಟುವಂತಿಲ್ಲ. ಬ್ಯಾಂಕ್ ಖಾತೆ, ಕ್ರೆಡಿಟ್ ಕಾರ್ಡ್ ಅಥವಾ ಪೂರ್ಣ ಕೆವೈಸಿ ವಾಲೆಟ್‌ನಿಂದ ಮಾತ್ರ ತುಂಬಿಸಬಹುದಾದ, ನಗದು ಸ್ವೀಕರಿಸದ ಸಣ್ಣ ವಾಲೆಟ್ ಇದಾಗಿದ್ದರೆ ಆ 4,000 ಅನ್ನು ಜೂನ್‌ನಲ್ಲಿಯೇ ಖರ್ಚು ಮಾಡಬಹುದಿತ್ತು, ಏಕೆಂದರೆ ಆ ಬಗೆಗೆ ಮಾಸಿಕ ಖರ್ಚಿನ ಮಿತಿ ಇಲ್ಲ. ವಿಫಲವಾದ ಅಥವಾ ರದ್ದಾದ ಪಾವತಿಯ ಮರುಪಾವತಿ ಮಾತ್ರ ಮಿತಿ ಮೀರಿದರೂ ವಾಲೆಟ್‌ಗೆ ಜಮೆಯಾಗಲೇಬೇಕು. ಬಳಕೆದಾರರ ದೃಷ್ಟಿಯಿಂದ ಇದು ಬಹಳ ನ್ಯಾಯವಾದ ನಿಯಮ ಎಂದು ನನಗೆ ಅನ್ನಿಸುತ್ತದೆ.

ನಗದು ಸ್ವೀಕರಿಸುವ ಸಣ್ಣ ವಾಲೆಟ್‌ಗೆ ಗಡುವೂ ಇದೆ. ತೆರೆದ 24 ತಿಂಗಳೊಳಗೆ ಅದನ್ನು ಪೂರ್ಣ ಕೆವೈಸಿಗೆ ಬದಲಿಸದಿದ್ದರೆ ಹೊಸದಾಗಿ ಹಣ ತುಂಬಿಸಲು ಆಗುವುದಿಲ್ಲ. ಇದ್ದ ಬಾಕಿ ಮುಟ್ಟುಗೋಲಾಗುತ್ತದೆ ಎಂಬ ಭಯ ಬೇಡ, ಅದನ್ನು ಬಳಸಿ ಮುಗಿಸಬಹುದು. ಆದರೆ ಅದೇ ಮೊಬೈಲ್ ಸಂಖ್ಯೆ ಮತ್ತು ಅದೇ ವಿವರಗಳಿಂದ ಇನ್ನೊಮ್ಮೆ ಅಂಥದ್ದೇ ವಾಲೆಟ್ ತೆರೆಯಲು ಬರುವುದಿಲ್ಲ.

ಪೂರ್ಣ ಕೆವೈಸಿಗೆ ವೀಡಿಯೊ ಕರೆಯ ಮೂಲಕ ಗುರುತು ದೃಢಪಡಿಸುವ ದಾರಿಯೂ ಇದೆ. ಅದಾದ ಮೇಲೆ ಲೆಕ್ಕದ ರೀತಿಯೇ ಬದಲಾಗುತ್ತದೆ. ಒಟ್ಟಾರೆ ತುಂಬಿಸುವ ಹಣಕ್ಕೆ ಮಾಸಿಕ ಮಿತಿ ಇರುವುದಿಲ್ಲ, ಯಾವುದೇ ಕ್ಷಣದಲ್ಲಿ ಬಾಕಿ 2,00,000 ರೂಪಾಯಿ ಮೀರಬಾರದು ಎಂಬುದಷ್ಟೇ ನಿಯಮ. ಎಂದರೆ 2,00,000 ತುಂಬಿಸಿ, 1,50,000 ಖರ್ಚು ಮಾಡಿ, ಅದೇ ತಿಂಗಳು ಮತ್ತೆ 1,50,000 ತುಂಬಿಸಬಹುದು. ನಗದಾಗಿ ತುಂಬಿಸುವುದಾದರೆ ಮಾತ್ರ ತಿಂಗಳಿಗೆ 50,000ದ ಮಿತಿ ಉಳಿದುಕೊಳ್ಳುತ್ತದೆ.

ವರ್ಗಾವಣೆಯ ಬಾಗಿಲು ತೆರೆಯುವುದೂ ಈ ಹಂತದಲ್ಲೇ, ಆದರೆ ಹಲವರು ಎಡವುವುದೂ ಇಲ್ಲಿಯೇ. ಮೊದಲೇ ನೋಂದಾಯಿಸಿದ ಫಲಾನುಭವಿಗೆ ತಲಾ ತಿಂಗಳಿಗೆ 2,00,000 ರೂಪಾಯಿವರೆಗೆ ಕಳುಹಿಸಲು ನಿಯಮದಲ್ಲಿ ಅವಕಾಶವಿದೆ. ನೋಂದಾಯಿಸದೆ ಕಳುಹಿಸುವುದಾದರೆ ಮಿತಿ ತಿಂಗಳಿಗೆ 10,000 ಮಾತ್ರ. ಪೂರ್ಣ ಕೆವೈಸಿ ಆದ ಮೇಲೂ 15,000 ರೂಪಾಯಿಯ ವರ್ಗಾವಣೆ ನಿಂತುಹೋದರೆ, ಪರಿಶೀಲನೆಯಲ್ಲಿ ದೋಷ ಹುಡುಕುವ ಮೊದಲು ಪಡೆಯುವವರನ್ನು ಫಲಾನುಭವಿಯಾಗಿ ನೋಂದಾಯಿಸಲಾಗಿದೆಯೇ ಎಂದು ನೋಡಬೇಕು. ವಾಲೆಟ್ ನೀಡುವ ಸಂಸ್ಥೆ ಇದಕ್ಕಿಂತ ಕಡಿಮೆ ಮಿತಿಯನ್ನು ಇಟ್ಟಿರಲೂಬಹುದು, ಆದ್ದರಿಂದ ಆ್ಯಪ್‌ನ ಮಿತಿಗಳ ಪುಟವನ್ನೂ ಜೊತೆಗೆ ಓದಿಕೊಳ್ಳಬೇಕು.