ದೊಡ್ಡ ಅರ್ಧ ಅಂತ ಒಂದಿಲ್ಲ

"ಯವ್ವಾ, ಅಣ್ಣಗ ದೊಡ್ಡ ಅರ್ಧ ಕೊಟ್ಟಿ, ನನಗ ಸಣ್ಣ ಅರ್ಧ!" ಕಲಬುರಗಿಯ ಮನೆಗಳಲ್ಲಿ ಜೋಳದ ರೊಟ್ಟಿ ಮುರಿಯುವಾಗ ಈ ತಕರಾರು ಇದ್ದದ್ದೇ. ಮಗು ಕೇಳುವುದು ನ್ಯಾಯ. ತಪ್ಪಿರುವುದು ನಾವು ದೊಡ್ಡವರು ಕಲಿಸಿದ ಮಾತಿನಲ್ಲಿ. ಎರಡು ತುಂಡು ಮಾಡಿದ ಮಾತ್ರಕ್ಕೆ ಅರ್ಧ ಆಗುವುದಿಲ್ಲ. ಎರಡೂ ಸಮ ಇರಬೇಕು. ಎರಡನೇ ತರಗತಿಯ ಮಕ್ಕಳಿಂದ ಒಂದರ ಕೆಳಗೆ ಎರಡು ಬರೆಸುವ ಮೊದಲು ಇದು ಅವರ ಕೈಗೆ ಸಿಗಬೇಕು.

ಕಾಗದ ಕೊಡಿ. ಅಂಚಿಗೆ ಅಂಚು, ಮೂಲೆಗೆ ಮೂಲೆ ಕೂಡಿಸಿ ಮಡಿಚಲಿ. ಎಲ್ಲೂ ಚಾಚದೆ ಕೂತರೆ ಎರಡೂ ಭಾಗ ಸಮ, ಬೇರೆ ಯಾರೂ ಹೇಳಬೇಕಿಲ್ಲ. ಹಾಗೇ ಇನ್ನೊಮ್ಮೆ ಮಡಿಚಿಸಿ, ಬಿಚ್ಚುವ ಮೊದಲೇ "ಈಗ ಎಷ್ಟು ಭಾಗ?" ಎಂದು ಕೇಳಿ. ಹಲವು ಮಕ್ಕಳು ಮೂರು ಅನ್ನುತ್ತಾರೆ. ಮೊದಲು ಎರಡಿತ್ತು, ಇನ್ನೊಂದು ಮಡಿಕೆಗೆ ಒಂದು ಜಾಸ್ತಿ ಅಂತ ಅವರ ಲೆಕ್ಕ. ಬಿಚ್ಚಿದರೆ ನಾಲ್ಕು! ಎರಡನೇ ಮಡಿಕೆ ಎರಡೂ ಅರ್ಧಗಳನ್ನು ಒಟ್ಟಿಗೇ ಮುರಿಯಿತು, ಅಲ್ವಾ? ಅರ್ಧದ ಅರ್ಧ ಕಾಲು ಎಂಬುದು ಅಲ್ಲೇ ಕಣ್ಣಿಗೆ ಬೀಳುತ್ತದೆ.

ನನಗೆ ಅತಿ ಇಷ್ಟವಾದದ್ದು ಇದರ ಮುಂದಿನದು. ನೋಟ್‌ಬುಕ್ಕಿನ ಉದ್ದನೆ ಹಾಳೆಯಲ್ಲಿ ಮೂಲೆಯಿಂದ ಎದುರು ಮೂಲೆಗೆ ಓರೆ ಗೆರೆ ಎಳೆದು, ಅದರ ಮೇಲೇ ಮಡಿಚಿ. ಒಂದು ತ್ರಿಕೋನ ಇನ್ನೊಂದರ ಮೇಲೆ ಕೂರುವುದಿಲ್ಲ, ಮೂಲೆಗಳು ಹೊರಗೆ ಚಾಚುತ್ತವೆ. "ಇದು ಅರ್ಧ ಅಲ್ಲ" ಎಂದು ತರಗತಿಯೆಲ್ಲ ಒಂದೇ ದನಿ. ಈಗ ಗೆರೆಯ ಗುಂಟ ಕತ್ತರಿಸಿ. ಒಂದು ತುಂಡನ್ನು ಮೇಜಿನ ಮೇಲೇ ಅರ್ಧ ಸುತ್ತು ತಿರುಗಿಸಿ ಇನ್ನೊಂದರ ಮೇಲೆ ಇಡಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುತ್ತದೆ. ಅಂದರೆ ಮಡಿಚಿದಾಗ ಸರಿಯಾಗಿ ಕೂತರೆ ಸಮ ಎಂಬುದು ಖಚಿತ. ಕೂರದಿದ್ದರೆ ಸಮ ಅಲ್ಲ ಎನ್ನಲು ಬರುವುದಿಲ್ಲ. ಕತ್ತರಿಸಿ, ತಿರುಗಿಸಿ ನೋಡಬೇಕು.

ಆಕಾರ ಬೇರೆಯಾದರೂ ಭಾಗ ಸಮ ಇರಬಹುದು ಎಂಬುದೂ ಹೀಗೇ ತಿಳಿಯುತ್ತದೆ. 20 ಸೆಂಟಿಮೀಟರಿನ ಎರಡು ಚೌಕ ಕಾಗದ ತಗೊಳ್ಳಿ. ಒಂದನ್ನು ಅಡ್ಡ, ಉದ್ದ ಮಡಿಚಿ ನಾಲ್ಕು ಪುಟ್ಟ ಚೌಕ ಮಾಡಿ. ಇನ್ನೊಂದನ್ನು ಒಂದೇ ದಿಕ್ಕಿಗೆ ಎರಡು ಸಲ ಮಡಿಚಿ ನಾಲ್ಕು ಪಟ್ಟಿ ಮಾಡಿ. ಮಕ್ಕಳಿಗೆ ಪಟ್ಟಿಯೇ ದೊಡ್ಡದು, ಉದ್ದ ಇದೆಯಲ್ಲ! ಪಟ್ಟಿಯನ್ನು ನಡುವೆ ಕತ್ತರಿಸಿ ಎರಡು ತುಂಡನ್ನೂ ಪಕ್ಕಪಕ್ಕ ಜೋಡಿಸಿದರೆ ಪುಟ್ಟ ಚೌಕವೇ ಆಗುತ್ತದೆ. ಎರಡೂ ಕಾಲು ಭಾಗವೇ.

ಇನ್ನು ರೊಟ್ಟಿ. ಕಡಕ್ ರೊಟ್ಟಿ ಬೇಡ, ಅದು ತನಗೆ ಬೇಕಾದಲ್ಲಿ ಮುರಿಯುತ್ತದೆ. ಹಂಚಿನಿಂದ ಈಗಷ್ಟೇ ಇಳಿಸಿ ಬಟ್ಟೆಯಲ್ಲಿ ಸುತ್ತಿಟ್ಟ ಮೆತ್ತನೆ ರೊಟ್ಟಿಯೇ ಬೇಕು. ಕೈಯಲ್ಲಿ ಬಡಿದ ರೊಟ್ಟಿಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ. ದೊಡ್ಡ ರೊಟ್ಟಿಯ ಅರ್ಧ, ಸಣ್ಣ ರೊಟ್ಟಿಯ ಅರ್ಧ ಸಮ ಆಗಲ್ಲ. ಅದಕ್ಕೆ ಎಲ್ಲದರ ಮೇಲೂ ಒಂದೇ ಡಬ್ಬಿಯ ಮುಚ್ಚಳ ಒತ್ತಿ ಅಂಚು ಕತ್ತರಿಸಿಬಿಡಿ. ಕಾಗದದ ಹಾಗೆ ಪಟ್ಟಿ ಪಟ್ಟಿಯಾಗಿ ಒಂದೇ ಅಗಲಕ್ಕೆ ಕೊಯ್ದರೆ ಅಂಚಿನವರಿಗೆ ಕಡಿಮೆ ಬರುತ್ತದೆ. ದುಂಡನೆಯ ರೊಟ್ಟಿಯ ಗೆರೆಗಳು ನಟ್ಟನಡುವೆ ಕೂಡಬೇಕು.

ಈಗ ಮೂರು ರೊಟ್ಟಿ, ನಾಲ್ಕು ಮಕ್ಕಳು. ಸುಮ್ನೆ ಬಿಟ್ಟು ನೋಡಿ. ಸಾಮಾನ್ಯವಾಗಿ ಮೊದಲು ಮೂರನ್ನೂ ಅರ್ಧ ಮಾಡುತ್ತಾರೆ, ಆರು ಅರ್ಧ ಸಿಗುತ್ತವೆ. ತಲಾ ಒಂದು ಹಂಚಿದ ಮೇಲೆ ಎರಡು ಉಳಿಯುತ್ತವೆ. ಅವನ್ನು ಮತ್ತೆ ಅರ್ಧ ಮಾಡಿದರೆ ನಾಲ್ಕು ಕಾಲು. ಒಬ್ಬೊಬ್ಬರಿಗೆ ಅರ್ಧ ಮತ್ತು ಕಾಲು ಬಂತು. ಸುಮಾರು ಮೂರೂವರೆ ಸಾವಿರ ವರ್ಷ ಹಿಂದೆ ಈಜಿಪ್ಟಿನಲ್ಲಿ ಅಹ್ಮೆಸ್ ಎಂಬ ಲಿಪಿಕಾರ ನಕಲು ಮಾಡಿಟ್ಟ ಲೆಕ್ಕದ ಸುರುಳಿಯಲ್ಲೂ ಇಂಥದ್ದೇ ಹಂಚಿಕೆ ಇದೆ. ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆರು ರೊಟ್ಟಿ, ಹತ್ತು ಜನ. ಉತ್ತರ: ತಲಾ ಅರ್ಧ, ಮತ್ತೆ ಹತ್ತನೇ ಒಂದು ಭಾಗ. ಐದು ರೊಟ್ಟಿಯಲ್ಲಿ ಹತ್ತು ಅರ್ಧ, ಆರನೆಯದು ಹತ್ತು ತುಂಡು. ನಮ್ಮ ಮಕ್ಕಳ ಲೆಕ್ಕವೂ ಇದೇ ಜಾಡಿನದು.

ಇನ್ನೊಂದು ಗುಂಪು ಮೂರೂ ರೊಟ್ಟಿಯನ್ನು ಕಾಲು ಕಾಲು ಮಾಡಿ, ಹನ್ನೆರಡರಲ್ಲಿ ತಲಾ ಮೂರು ಹಂಚಬಹುದು. ಆಗ "ಮೂರು ತುಂಡು ಸಿಕ್ಕವರಿಗೇ ಜಾಸ್ತಿ" ಎಂಬ ಜಗಳ ಏಳುತ್ತದೆ. ಒಬ್ಬರ ಅರ್ಧ ರೊಟ್ಟಿಯನ್ನು ಇನ್ನೊಬ್ಬರ ಎರಡು ಕಾಲುಗಳ ಮೇಲೆ ಇಡಿಸಿ. ಪೂರ್ತಿ ಮುಚ್ಚುತ್ತದೆ. ಎರಡೂ ಕಡೆ ಮಿಕ್ಕಿದ್ದು ಒಂದೊಂದು ಕಾಲು. ಇಬ್ಬರಿಗೂ ಸಿಕ್ಕಿದ್ದು ಮುಕ್ಕಾಲು ರೊಟ್ಟಿಯೇ.