‘ವ್ಯತ್ಯಯ ಉಂಟಾಗಿತ್ತು’ ಅನ್ನುವುದನ್ನು ‘ನಾವೇ ಅಳಿಸಿದೆವು’ ಎಂದು ತಿದ್ದುವಾಗ

ಕಂಪನಿಯ ಕ್ಷಮಾಪಣೆಯನ್ನು ತಿದ್ದುವ ಅಭ್ಯಾಸಕ್ಕೆ ನಾನು ಗಿಟ್‌ಲ್ಯಾಬ್ ಪ್ರಸಂಗವನ್ನು ಆರಿಸಿಕೊಂಡಿದ್ದೇನೆ. ಅಂದು ಏನಾಯಿತು ಅನ್ನುವುದನ್ನು ಕಂಪನಿಯೇ ವಿವರವಾಗಿ ಬರೆದಿದೆ. ಹಾಗಾಗಿ ನಾವು ಊಹೆ ಮಾಡಬೇಕಿಲ್ಲ.

ಗಿಟ್‌ಲ್ಯಾಬ್ ಅಂದರೆ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಜಾಲತಾಣ. 2017ರ ಜನವರಿ 31ರಂದು ಅಲ್ಲಿನ ಇಂಜಿನಿಯರ್ ಒಬ್ಬರು ಎರಡನೇ ಸರ್ವರ್‌ನ ಡೇಟಾ ಅಳಿಸಲು ಹೋಗಿ ಮುಖ್ಯ ಸರ್ವರ್‌ನದನ್ನೇ ಅಳಿಸಿಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಆರು ಗಂಟೆ ಹಳೆಯ ಒಂದು ಪ್ರತಿ ಸಿಕ್ಕಿತು. ಅದರ ನಂತರ ಡೇಟಾಬೇಸ್‌ಗೆ ಸೇರಿದ್ದೆಲ್ಲ ಹೋಯಿತು.

ಇಂಥ ಹೊತ್ತಿನಲ್ಲಿ ನಾವು ಸಾಮಾನ್ಯವಾಗಿ ಓದುವ ಪ್ರಕಟಣೆ ಹೀಗಿರುತ್ತದೆ. ಇದು ಗಿಟ್‌ಲ್ಯಾಬ್ ಬರೆದದ್ದಲ್ಲ, ಅಭ್ಯಾಸಕ್ಕಾಗಿ ನಾನು ಬರೆದದ್ದು.

“ತಾಂತ್ರಿಕ ಕಾರಣಗಳಿಂದ ನಮ್ಮ ಸೇವೆಯಲ್ಲಿ ಕೆಲಕಾಲ ವ್ಯತ್ಯಯ ಉಂಟಾಗಿತ್ತು. ಕೆಲವು ಬಳಕೆದಾರರ ಮಾಹಿತಿಯ ಮೇಲೆ ಪರಿಣಾಮ ಆಗಿರುವ ಸಾಧ್ಯತೆಯಿದೆ. ಯಾರಿಗಾದರೂ ಅನಾನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ. ಮುಂದೆ ಹೀಗಾಗದಂತೆ ಅಗತ್ಯ ಕ್ರಮ ಕೈಗೊಳ್ಳಲಾಗುವುದು.”

ಮೊದಲು ಈ ನಾಲ್ಕು ಕ್ರಿಯಾಪದಗಳನ್ನಷ್ಟೇ ಗುರುತು ಹಾಕಿ. ಉಂಟಾಗಿತ್ತು, ಆಗಿರುವ, ಆಗಿದ್ದಲ್ಲಿ, ಕೈಗೊಳ್ಳಲಾಗುವುದು. ಎಲ್ಲವೂ ‘ಆಗು’ ಅನ್ನುವುದರ ಮಕ್ಕಳು. ಮಳೆ ಆಯಿತು, ಕತ್ತಲಾಯಿತು ಅನ್ನುವ ಹಾಗೆ ಸೇವೆಯೂ ತಾನಾಗಿ ಕೆಟ್ಟಿತು ಅಂತಾಗುತ್ತದೆ. ಮನೆಯಲ್ಲಿ ‘ತಪ್ಪಾಯ್ತು’ ಅಂದರೆ ಸಾಕು, ಏಕೆಂದರೆ ಹೇಳುವವರು ಎದುರಿಗೇ ನಿಂತಿರುತ್ತಾರೆ. ಪ್ರಕಟಣೆಯಲ್ಲಿ ಮುಖ ಕಾಣುವುದಿಲ್ಲ. ಮಾಡಿದವರು ವಾಕ್ಯದೊಳಗೇ ಇರಬೇಕು. ‘ನಮ್ಮ ಮುಖ್ಯ ಡೇಟಾಬೇಸನ್ನು ನಾವೇ ತಪ್ಪಾಗಿ ಅಳಿಸಿದೆವು’ ಎಂದಾಗ ‘ತಾಂತ್ರಿಕ ಕಾರಣ’ಕ್ಕೆ ಜಾಗವೇ ಉಳಿಯುವುದಿಲ್ಲ.

ಇಲ್ಲಿ ‘ನಾವು’ ಅನ್ನುವುದು ಮುಖ್ಯ. ‘ನಮ್ಮ ಇಂಜಿನಿಯರ್ ಒಬ್ಬರು ಅಳಿಸಿದರು’ ಎಂದು ನಿಲ್ಲಿಸಿದರೆ ಅದು ನಿಜವೇ, ಆದರೆ ಅರ್ಧ ನಿಜ. ಆ ರಾತ್ರಿ ನಂಬಬಹುದಾದ ಬ್ಯಾಕಪ್ ಇರಲಿಲ್ಲ. ದಿನಾ ನಡೆಯಬೇಕಿದ್ದ ಬ್ಯಾಕಪ್, ಸಾಫ್ಟ್‌ವೇರ್ ಆವೃತ್ತಿಗಳು ಒಂದಕ್ಕೊಂದು ಹೊಂದದೆ ಸದ್ದಿಲ್ಲದೆ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ಎಚ್ಚರಿಸುವ ಇಮೇಲ್‌ಗಳು ತಿರಸ್ಕೃತವಾಗಿ ಯಾರನ್ನೂ ತಲುಪಿರಲಿಲ್ಲ. ಬ್ಯಾಕಪ್‌ನಿಂದ ಡೇಟಾ ವಾಪಸ್ ಬರುತ್ತದೆಯೇ ಎಂದು ನಿಯಮಿತವಾಗಿ ನೋಡುವ ವ್ಯವಸ್ಥೆಯೂ ಇರಲಿಲ್ಲ. ಇದು ಒಬ್ಬರ ಕೈತಪ್ಪಲ್ಲ, ಸಂಸ್ಥೆಯದು. ಗಿಟ್‌ಲ್ಯಾಬ್ ತನ್ನ ವರದಿಯಲ್ಲಿ ಆ ಇಂಜಿನಿಯರ್ ಹೆಸರು ಹಾಕಲಿಲ್ಲ. ಅದು ಸರಿ ಅಂತಲೇ ನನ್ನ ಅಭಿಪ್ರಾಯ.

ಎರಡನೇ ವಾಕ್ಯ ಓದುಗರಿಗೆ ಏನನ್ನೂ ತಿಳಿಸುವುದಿಲ್ಲ. ಓದುವವರ ಪ್ರಶ್ನೆ ಒಂದೇ: ನನ್ನದು ಹೋಯಿತಾ? ಕಳೆದುಹೋದದ್ದು ಜನವರಿ 31ರ 17:20ರಿಂದ ಮಧ್ಯರಾತ್ರಿವರೆಗಿನದು, ಆದರೆ ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ ಲೆಕ್ಕ. ಬೆಂಗಳೂರಿನವರಿಗೆ ಅದು ರಾತ್ರಿ 10:50ರಿಂದ ಮರುದಿನ ಬೆಳಗಿನ 5:30. ಓದುವವರ ಗಡಿಯಾರದಲ್ಲಿ ಬರೆದರೆ ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಏನು ಹೋಗಿಲ್ಲ ಅನ್ನುವುದನ್ನೂ ಅಷ್ಟೇ ಖಚಿತವಾಗಿ ಹೇಳಬೇಕು, ಇಲ್ಲದಿದ್ದರೆ ಎಲ್ಲರೂ ಗಾಬರಿಯಾಗುತ್ತಾರೆ.

‘ಅನಾನುಕೂಲವಾಗಿದ್ದಲ್ಲಿ’ ಅನ್ನುವುದನ್ನು ತೆಗೆದೇ ಹಾಕಿ. ಸುಮಾರು 5,000 ಪ್ರಾಜೆಕ್ಟ್‌ಗಳಿಗೆ ಪೆಟ್ಟು ಬಿದ್ದ ಮೇಲೆ ‘ಆಗಿದ್ದಲ್ಲಿ’ ಎಲ್ಲಿಂದ ಬಂತು? ‘ವಿಷಾದ’ವನ್ನು ಬೇರೆಯವರ ದುಃಖಕ್ಕೂ ಸೂಚಿಸಬಹುದು. ‘ಕ್ಷಮಿಸಿ’ ಅನ್ನುವುದನ್ನು ತಪ್ಪು ಮಾಡಿದವರೇ ಹೇಳಬೇಕು.

ಕೊನೆಯ ವಾಕ್ಯದಲ್ಲಿ ಯಾವ ಕ್ರಮ ಅಂತಲೇ ಇಲ್ಲ. ಗಿಟ್‌ಲ್ಯಾಬ್ ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ಪಟ್ಟಿ ಮಾಡಿತು. ಬ್ಯಾಕಪ್‌ನಿಂದ ಡೇಟಾ ಮರಳಿ ಬರುತ್ತದೆಯೇ ಎಂದು ತಾನಾಗಿ ಪರೀಕ್ಷಿಸುವ ವ್ಯವಸ್ಥೆ ಅದರಲ್ಲಿ ಒಂದು. ಹೊರಗಿನವರು ನೋಡಿ ‘ಆಯ್ತಾ, ಇಲ್ವಾ’ ಎಂದು ಕೇಳಬಹುದಾದದ್ದನ್ನೇ ಬರೆಯಬೇಕು.

ತಿದ್ದಿದ ಮೇಲೆ ನನ್ನ ಪ್ರತಿ ಹೀಗಿದೆ:

“ಫೆಬ್ರವರಿ 1ರ ಬೆಳಗಿನ ಜಾವ ನಮ್ಮ ಮುಖ್ಯ ಡೇಟಾಬೇಸನ್ನು ನಾವೇ ತಪ್ಪಾಗಿ ಅಳಿಸಿದೆವು. ಭಾರತದ ಸಮಯ ಹಿಂದಿನ ರಾತ್ರಿ 10:50ರಿಂದ ಬೆಳಗಿನ 5:30ರ ನಡುವೆ ನೀವು ತೆರೆದ ಖಾತೆ, ಪ್ರಾಜೆಕ್ಟ್, ಬರೆದ ಕಾಮೆಂಟ್‌ಗಳು ಹೋಗಿವೆ. ಅವನ್ನು ವಾಪಸ್ ತರಲು ನಮ್ಮಿಂದ ಆಗುವುದಿಲ್ಲ. ನಿಮ್ಮ ಕೋಡ್ ಮತ್ತು ವಿಕಿ ಪುಟಗಳು ಹೋಗಿಲ್ಲ. ನಮ್ಮ ಬ್ಯಾಕಪ್ ಕೆಲಸ ಮಾಡುತ್ತಿರಲಿಲ್ಲ, ಅದನ್ನು ನಾವು ಪರೀಕ್ಷಿಸಿಯೂ ಇರಲಿಲ್ಲ. ಕ್ಷಮಿಸಿ. ಇನ್ನು ಮುಂದೆ ಬ್ಯಾಕಪ್‌ನಿಂದ ಡೇಟಾ ಮರಳಿ ಬರುತ್ತದೆಯೇ ಎಂದು ತಾನಾಗಿ ಪರೀಕ್ಷೆ ನಡೆಯುವಂತೆ ಮಾಡುತ್ತೇವೆ. ಆ ಕೆಲಸ ಎಲ್ಲಿಗೆ ಬಂತು ಅನ್ನುವುದನ್ನು ನೀವೂ ನೋಡಬಹುದು.”

ಮೊದಲ ಗಂಟೆಯಲ್ಲೇ ಇದನ್ನು ಬರೆಯಲು ಆಗುವುದಿಲ್ಲ. ಆಗ ಕಾರಣ ಗೊತ್ತಿರುವುದಿಲ್ಲ. ‘ಸೇವೆ ನಿಂತಿದೆ, ಕಾರಣ ಇನ್ನೂ ಗೊತ್ತಾಗಿಲ್ಲ, ಮುಂದಿನ ಮಾಹಿತಿ 7 ಗಂಟೆಗೆ’ ಎಂದಷ್ಟೇ ಹಾಕಿ. ಆಮೇಲೆ 7 ಗಂಟೆಗೆ ಹೊಸದೇನೂ ಇಲ್ಲದಿದ್ದರೂ ಅದನ್ನೇ ಬರೆಯಿರಿ.