ಎಲ್.ಪಿ. ಹಾಡು ಲ್ಯಾಪ್‌ಟಾಪಿಗೆ ಇಳಿಸಿದರೆ ಧ್ವನಿ ತಗಡಿನಂತಾಗುವುದೇಕೆ?

ಪ್ರಶ್ನೆ: ನಮ್ಮ ತಂದೆಯವರು ಕೂಡಿಟ್ಟ ರಂಗಗೀತೆಗಳ ಎಲ್.ಪಿ. ರೆಕಾರ್ಡುಗಳನ್ನು ಟರ್ನ್‌ಟೇಬಲ್‌ನಿಂದ ಲ್ಯಾಪ್‌ಟಾಪಿಗೆ ಇಳಿಸುತ್ತಿದ್ದೇನೆ. ಹಾರ್ಮೋನಿಯಂ ತಗಡು ಬಡಿದಂತೆ ಕೇಳುತ್ತದೆ, ತಬಲಾದ ಡಗ್ಗಾ ಇಲ್ಲವೇ ಇಲ್ಲ. ರೆಕಾರ್ಡು ಸವೆದಿದೆಯೇ? (ಕೊಪ್ಪಳದ ಓದುಗರೊಬ್ಬರು)

ಉತ್ತರ: ಇಲ್ಲ. ಸವೆದ ರೆಕಾರ್ಡಿನಲ್ಲಿ ಏರುಸ್ವರಗಳು ಒಡೆದು ಕರಕರ ಎನ್ನುತ್ತವೆ, ಅದರಲ್ಲೂ ನಡುವಿನ ಲೇಬಲ್ ಹತ್ತಿರವಾದಂತೆ ಹೆಚ್ಚು, ಡಗ್ಗಾ ಮಾಯವಾಗುವುದಿಲ್ಲ. ನೀವು ಕಳುಹಿಸಿದ ಒಂದು ಬದಿಯ ಧ್ವನಿಯನ್ನು ಬಳ್ಳಾರಿಯಲ್ಲಿ ಕುಳಿತು ಕೇಳಿದಾಗ ತಪ್ಪು ವೈರಿಂಗ್‌ನಲ್ಲಿದೆ ಎಂಬುದು ಸ್ಪಷ್ಟವಾಯಿತು.

ಮಂದ್ರ ಸ್ವರಗಳನ್ನು ಇದ್ದ ಹಾಗೇ ಕೆತ್ತಿದರೆ ಗೆರೆ ಅತ್ತಿತ್ತ ಬಹಳ ಓಲಾಡಿ ಪಕ್ಕದ ಗೆರೆಯ ಜಾಗವನ್ನೂ ತಿನ್ನುತ್ತದೆ. ಆದ್ದರಿಂದ ಕೆತ್ತುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸುತ್ತಾರೆ. 1954ರಿಂದ ಈಚೆಗೆ ಬಳಕೆಗೆ ಬಂದ ಆರ್‌ಐಎಎ ಮಾನದಂಡದಲ್ಲಿ, 1000 ಹರ್ಟ್ಸ್‌ಗೆ ಹೋಲಿಸಿದರೆ 50 ಹರ್ಟ್ಸ್‌ನ ಧ್ವನಿ ಸುಮಾರು ಏಳನೇ ಒಂದರಷ್ಟಕ್ಕೆ ಇಳಿದಿರುತ್ತದೆ, 10,000 ಹರ್ಟ್ಸ್‌ನದು ಐದು ಪಟ್ಟಿನ ಹತ್ತಿರಕ್ಕೆ ಏರಿರುತ್ತದೆ. ನುಡಿಸುವಾಗ ಇದನ್ನು ತಿರುಗುಮುರುಗು ಮಾಡುವ ಕೆಲಸ ಫೋನೋ ಪ್ರೀ-ಆಂಪ್‌ನದು. ಏರಿಸಿದ್ದ ತಾರವನ್ನು ಇಳಿಸುವಾಗ ರೆಕಾರ್ಡಿನ ಮೇಲ್ಮೈಯ ಸುಯ್ಯೆನ್ನುವ ಸದ್ದೂ ಜೊತೆಗೇ ಇಳಿಯುತ್ತದೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವ ಕೆಲವೇ ಮಿಲಿವೋಲ್ಟ್‌ಗಳ ಸಂಕೇತವನ್ನು ಸುಮಾರು ನೂರು ಪಟ್ಟು ಹಿಗ್ಗಿಸುವುದೂ ಅದೇ ಡಬ್ಬಿ. ನೀವು ಅದನ್ನು ಬಿಟ್ಟು ನೇರವಾಗಿ ಲೈನ್-ಇನ್‌ಗೆ ಜೋಡಿಸಿದ್ದೀರಿ.

ಟರ್ನ್‌ಟೇಬಲ್‌ನ ಹಿಂಬದಿಯಲ್ಲಿ `PHONO` / `LINE` ಎಂಬ ಸ್ವಿಚ್ ಇದ್ದರೆ ಪ್ರೀ-ಆಂಪ್ ಒಳಗೇ ಇದೆ. `LINE` ಕಡೆ ಒತ್ತಿದರೆ ಸಾಕು. ಹಾಗೆ ಮಾಡಿ ಮತ್ತೆ ಆಂಪ್ಲಿಫೈಯರ್‌ನ ಫೋನೋ ಕಿಂಡಿಗೆ ಜೋಡಿಸಿದರೆ ತಿದ್ದುಪಡಿ ಎರಡು ಸಲವಾಗಿ, ಹಾಡು ಕಂಬಳಿ ಹೊದ್ದು ಗುಡುಗಿದಂತೆ ಕೇಳುತ್ತದೆ. ಹಳೆಯ ಪೆಟ್ಟಿಗೆ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಜ್‌ಗೆ ಈ ಪ್ರೀ-ಆಂಪ್ ಬೇಡ.

ಈಗಾಗಲೇ ಇಳಿಸಿದ್ದನ್ನು ಉಳಿಸಿಕೊಳ್ಳಲೇಬೇಕಿದ್ದರೆ ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರ್‌ನ `Filter Curve EQ`ನಲ್ಲಿ `RIAA` ಎಂಬ ಸಿದ್ಧ ವಕ್ರರೇಖೆಯಿದೆ. ಆದರೆ ತಗ್ಗಿದ್ದ ಮಂದ್ರವನ್ನು ಎತ್ತುವಾಗ ಕರೆಂಟಿನ ಗುಂಯ್‌ಗುಟ್ಟುವಿಕೆಯೂ ಎದ್ದು ಬರುವುದರಿಂದ, ರೆಕಾರ್ಡು ಕೈಯಲ್ಲೇ ಇರುವಾಗ ಇನ್ನೊಮ್ಮೆ ಇಳಿಸುವುದೇ ಲೇಸು. ಆಗ ಅತಿ ಜೋರಾದ ಜಾಗವೂ −6 ಡೆಸಿಬೆಲ್ ದಾಟದಿರಲಿ.

ಇನ್ನು ಚಟಚಟ ಸದ್ದು. ಎಲ್.ಪಿ. ನಿಮಿಷಕ್ಕೆ 33⅓ ಸುತ್ತು, ಅಂದರೆ ಸುತ್ತಿಗೆ 1.8 ಸೆಕೆಂಡ್ ತಿರುಗುತ್ತದೆ. ನಿಮ್ಮ ಎರಡನೆಯ ಹಾಡಿನಲ್ಲಿ ಚಟ್ ಎಂಬುದು ಸರಿಯಾಗಿ 1.8 ಸೆಕೆಂಡಿಗೊಮ್ಮೆ ಬರುತ್ತಿದೆ, ಆದ್ದರಿಂದ ಅದು ಗೀರು. ಉಳಿದೆಡೆ ಲೆಕ್ಕವಿಲ್ಲದೆ ಬರುವುದು ಬಹುಮಟ್ಟಿಗೆ ಧೂಳು. ಧೂಳಿಗೆ ಮದ್ದು ಸಾಫ್ಟ್‌ವೇರ್ ಅಲ್ಲ. ಸಂಡೂರಿನ ಅದಿರಿನ ಕೆಂಪು ಧೂಳು ಕಪಾಟಿನೊಳಗೂ ನುಗ್ಗುವ ನಮ್ಮ ಊರಿನಲ್ಲಿ, ನಾನಂತೂ ಲೇಬಲ್ ನೆನೆಯದಂತೆ ಡಿಸ್ಟಿಲ್ಡ್ ವಾಟರ್ ಮತ್ತು ಮೆತ್ತನೆಯ ಬ್ರಷ್‌ನಿಂದ ಗೆರೆಗುಂಟ ತೊಳೆದು, ಪೂರ್ತಿ ಒಣಗಿಸದೆ ಸೂಜಿ ಇಡುವುದಿಲ್ಲ.

ಗೀರಿಗೆ `Click Removal` ಬಳಸಿ. ಅದರ `Threshold` ಅಂಕಿ ಇಳಿದಷ್ಟೂ ಅದು ಹೆಚ್ಚೆಚ್ಚು ಸದ್ದುಗಳನ್ನು ಗೀರೆಂದು ಬಗೆಯುತ್ತದೆ. ತಬಲಾದ ‘ನಾ’, ತಾಳದ ಚಿಣ್ ಎರಡೂ ಚಟ್ ಸದ್ದಿನಂತೆಯೇ ಥಟ್ಟನೆ ಏಳುವುದರಿಂದ ಅಪಾಯ ಇಲ್ಲೇ ಇದೆ. ನಾನೇ ಒಮ್ಮೆ ಒಂದಿಡೀ ಬದಿಯ ತಬಲಾವನ್ನು ಮೊಂಡು ಮಾಡಿ, ಮೂಲ ಫೈಲನ್ನೂ ಅಳಿಸಿ ಕುಳಿತಿದ್ದೆ. ಪರೀಕ್ಷೆ ಸುಲಭ: ಟ್ರ್ಯಾಕಿನ ಇನ್ನೊಂದು ಪ್ರತಿ ಮಾಡಿ, ಒಂದನ್ನು ಮಾತ್ರ ತಿದ್ದಿ, ಇನ್ನೊಂದಕ್ಕೆ `Invert` ಕೊಟ್ಟು ಎರಡನ್ನೂ ಒಟ್ಟಿಗೆ ನುಡಿಸಿ. ಸಮಾನವಾದುದೆಲ್ಲ ಅಳಿದು, ತೆಗೆದುಹಾಕಿದ್ದು ಮಾತ್ರ ಕೇಳುತ್ತದೆ. ಅದರಲ್ಲಿ ತಾಳ ಕೇಳಿಸಿದರೆ ಅಂಕಿಯನ್ನು ಏರಿಸಬೇಕು. ನಿಮ್ಮ ಫೈಲಿನಲ್ಲಿ ಮೊದಲೇ ಇರುವ 200ರಲ್ಲಿ ‘ನಾ’ ಕೇಳಿಸಿತು, 350ಕ್ಕೆ ಏರಿಸಿದಾಗ ಬರೀ ಚಟಚಟ ಉಳಿಯಿತು.

ಹಾಡುಗಳನ್ನು ಬೇರ್ಪಡಿಸಲು `Label Sounds` ಇದೆ. ರೆಕಾರ್ಡಿನಲ್ಲಿ ಎರಡು ಹಾಡುಗಳ ನಡುವೆಯೂ ಪೂರ್ಣ ಮೌನ ಇರುವುದಿಲ್ಲ. ನಿಮ್ಮದರಲ್ಲಿ ಅಲ್ಲಿನ ಸುಯ್ ಸದ್ದೇ −48 ಡೆಸಿಬೆಲ್ ಇದೆ. ಮೌನದ ಮಿತಿಯನ್ನು ಅದಕ್ಕಿಂತ ತುಸು ಮೇಲೆ, −42ಕ್ಕೆ ಇಟ್ಟು `Point before sound` ಆರಿಸಿದಾಗ ನಾಲ್ಕು ಹಾಡಿಗೆ ಐದು ಗುರುತು ಬಿದ್ದವು. ಹೆಚ್ಚಿನದು, ನಟರು ಮಾತು ನಿಲ್ಲಿಸಿ ಹಾಡಿಗೆ ಉಸಿರು ತೆಗೆದುಕೊಳ್ಳುವ ಜಾಗ. ಅದನ್ನು ಅಳಿಸಿ, ಉಳಿದವನ್ನು ಅರ್ಧ ಸೆಕೆಂಡ್ ಹಿಂದಕ್ಕೆ ಸರಿಸಿ, `Export Audio`ನಲ್ಲಿ `Multiple Files` ಆರಿಸಿದರೆ ಗುರುತಿನ ಹೆಸರಲ್ಲೇ ನಾಲ್ಕು ಫೈಲುಗಳಾಗುತ್ತವೆ. ತಿದ್ದದ, ಕತ್ತರಿಸದ ಇಡೀ ಬದಿಯ ಒಂದು ಡಬ್ಲ್ಯುಎವಿ ಪ್ರತಿಯನ್ನು ಮಾತ್ರ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.